ಫೋಟೊದಲ್ಲಿರುವ ಹುಳು ಜಿರಳೆಯೇ? ಹೌದಾದರೆ ಯಾವ ಜಿರಳೆ?

ಅಡುಗೆಮನೆಗೆ ಎರಡು ಸಲ ಜೆಲ್ ಹಾಕಿಸಿದರೂ ಕಂದು ಬಣ್ಣದ ಸಣ್ಣ ಜಿರಳೆಗಳು ಕಡಿಮೆಯಾಗುವುದಿಲ್ಲ. ಇನ್ನೊಂದು ಮನೆಯಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದ ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ದೊಡ್ಡ ಕಪ್ಪು ಹುಳು ಬೀಳುತ್ತದೆ, ಮರುದಿನವೇ ಔಷಧಿ ಹೊಡೆಯುವವರಿಗೆ ಫೋನ್ ಹೋಗುತ್ತದೆ. ಎರಡೂ ಕಡೆ ಬಹುಮಟ್ಟಿಗೆ ದೋಷ ಇರುವುದು ಔಷಧಿಯಲ್ಲಲ್ಲ, ಗುರುತಿನಲ್ಲಿ. ಮೊದಲ ಮನೆಯಲ್ಲಿ ಒಂದು ಜಾತಿಯ ಜಿರಳೆಯನ್ನು ಇನ್ನೊಂದೆಂದು ತಿಳಿದು ತಪ್ಪು ಜಾಗಕ್ಕೆ ಜೆಲ್ ಇಟ್ಟಿರುತ್ತಾರೆ. ಎರಡನೆಯದರಲ್ಲಿ ಬಿದ್ದದ್ದು ಜಿರಳೆಯೇ ಅಲ್ಲ. ಬೆಳಕಿಗೆ ಬಂದ ದುಂಬಿಯೋ ನೀರು ತಿಗಣೆಯೋ ಆಗಿರುತ್ತದೆ, ಅದಕ್ಕೆ ಔಷಧಿಯ ಅಗತ್ಯವೇ ಇರುವುದಿಲ್ಲ.

ಮೊಬೈಲ್ ಫೋಟೊ ಒಂದಿದ್ದರೆ ಇದನ್ನು ಮನೆಯಲ್ಲೇ ಬಗೆಹರಿಸಬಹುದು. ಆದರೆ ನೋಡುವ ಕ್ರಮ ಮುಖ್ಯ. ಹೆಚ್ಚಿನವರು ಬಣ್ಣ ಮತ್ತು ಗಾತ್ರದಿಂದ ಶುರು ಮಾಡುತ್ತಾರೆ, ಫೋಟೊದಲ್ಲಿ ಮೊದಲು ಮೋಸ ಮಾಡುವುದು ಅವೆರಡೇ. ಮೊದಲು ಬೆನ್ನಿನ ಮೇಲೆ ರೆಕ್ಕೆಗಳು ಹೇಗೆ ಕೂಡಿವೆ ಎಂದು ನೋಡಿ, ಆಮೇಲೆ ಮೀಸೆ, ಆಮೇಲೆ ರೆಕ್ಕೆ ಪೂರ್ತಿ ಬೆಳೆದಿದೆಯೇ ಎಂಬುದು, ಕೊನೆಗೆ ಕುತ್ತಿಗೆಯ ಮೇಲಿನ ಗುರುತು. ಗಾತ್ರಕ್ಕೆ ಅರ್ಥ ಬರುವುದು ಇಷ್ಟು ನೋಡಿದ ಮೇಲೆಯೇ.

ಫೋಟೊ ಸರಿ ಇಲ್ಲದಿದ್ದರೆ

ಗೋಡೆಯ ಮೇಲೆ ಓಡುತ್ತಿರುವ ಹುಳುವನ್ನು ಫ್ಲ್ಯಾಶ್ ಹಾಕಿ ತೆಗೆದ ಫೋಟೊದಿಂದ ಜಾತಿ ಹೇಳುವುದು ಕಷ್ಟ. ಜಿರಳೆಯ ಮೈ ಎಣ್ಣೆ ಹಚ್ಚಿದಷ್ಟು ನುಣುಪು. ಫ್ಲ್ಯಾಶಿನ ಬೆಳಕು ಕುತ್ತಿಗೆಯ ಮೇಲೆ ಬಿಳಿ ಚುಕ್ಕೆಯಾಗಿ ಕೂರುತ್ತದೆ, ನಮಗೆ ಬೇಕಾದ ಗೆರೆಗಳು ಇರುವುದೂ ಸರಿಯಾಗಿ ಅಲ್ಲೇ. ಹಾಗಾಗಿ ಹುಳುವಿನ ಮೇಲೆ ಗಾಜಿನ ಲೋಟ ಬೋರಲು ಹಾಕಿ, ಅಡಿಯಿಂದ ದಪ್ಪ ಕಾಗದ ಸರಿಸಿ ಹಿಡಿಯಿರಿ. ಮುಚ್ಚಳವಿರುವ ಸಣ್ಣ ಡಬ್ಬಿಗೆ ದಾಟಿಸಿ ಹತ್ತು ನಿಮಿಷ ಫ್ರೀಜರಿನಲ್ಲಿಟ್ಟರೆ ಅದು ಮಂಕಾಗಿ, ಫೋಟೊ ತೆಗೆಯುವಷ್ಟು ಹೊತ್ತು ಅಲುಗದೆ ಕೂರುತ್ತದೆ. ಬಿಳಿ ಕಾಗದದ ಮೇಲೆ ಇಟ್ಟು, ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಡಿ. ಆ ನಾಣ್ಯದ ಅಡ್ಡಳತೆ 27 ಮಿ.ಮೀ. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಆರಿಸಿ, ಒಂದು ಗೇಣು ದೂರದಿಂದ ಎರಡು ಪಟ್ಟು ಜೂಮ್ ಮಾಡಿ ತೆಗೆಯಿರಿ. ಇನ್ನೂ ಹತ್ತಿರ ಹೋದರೆ ಹೆಚ್ಚಿನ ಫೋನುಗಳಲ್ಲಿ ಚಿತ್ರ ಮಸುಕಾಗುತ್ತದೆ, ಹತ್ತಿರದ ಭಾಗ ದೊಡ್ಡದಾಗಿಯೂ ಕಾಣುತ್ತದೆ.

ನೇರ ಮೇಲಿನಿಂದ ಒಂದು, ಪಕ್ಕದಿಂದ ಒಂದು, ಮಗುಚಿ ಹೊಟ್ಟೆಯ ಕಡೆಯಿಂದ ಒಂದು, ಹೀಗೆ ಮೂರು ಫೋಟೊ ಇದ್ದರೆ ಬಹುತೇಕ ಸಂಶಯ ಉಳಿಯುವುದಿಲ್ಲ. ಗಾತ್ರ ಅಳೆಯುವಾಗ ತಲೆಯಿಂದ ರೆಕ್ಕೆಯ ಅಥವಾ ಹೊಟ್ಟೆಯ ತುದಿಯವರೆಗೆ ಮಾತ್ರ ಅಳೆಯಿರಿ. ಮೀಸೆ ಸೇರಿಸಿ ಅಳೆದು "ಮೂರು ಇಂಚಿನ ಜಿರಳೆ" ಎಂದು ಹೇಳುವುದು ತುಂಬ ಸಾಮಾನ್ಯ.

ಜಿರಳೆಯೇ, ದುಂಬಿಯೇ, ನೀರು ತಿಗಣೆಯೇ

ಮೇಲಿನಿಂದ ತೆಗೆದ ಫೋಟೊದಲ್ಲಿ ಬೆನ್ನಿನ ನಡುವೆ ನೋಡಿ. ಎರಡು ಗಟ್ಟಿ ಮೇಲ್ರೆಕ್ಕೆಗಳು ಅಂಚಿಗೆ ಅಂಚು ತಾಗಿಕೊಂಡು, ನಡುಬೆನ್ನಿನಲ್ಲಿ ಒಂದೇ ನೇರ ಗೆರೆ ಮೂಡಿದ್ದರೆ ಅದು ದುಂಬಿ. ಜಿರಳೆಯ ರೆಕ್ಕೆಗಳು ಹಾಗೆ ಕೂಡುವುದಿಲ್ಲ. ಒಂದರ ಮೇಲೊಂದು ಹೊದ್ದುಕೊಂಡಿರುತ್ತವೆ, ಮೇಲಿರುವ ರೆಕ್ಕೆಯ ಅಂಚು ಬೆನ್ನಿನ ಮೇಲೆ ಓರೆಯಾಗಿ ಹಾದುಹೋಗುತ್ತದೆ. ರೆಕ್ಕೆ ತೆಳು ಚರ್ಮದಂತಿದ್ದು ಒಳಗಿನ ನರಗಳು ಕಾಣುತ್ತವೆ. ನೀರು ತಿಗಣೆಯಲ್ಲಿ ರೆಕ್ಕೆಗಳು ಒಂದನ್ನೊಂದು ದಾಟಿ ಗುಣಿಸುವ ಚಿಹ್ನೆಯಂತೆ ಕಾಣುತ್ತವೆ. ರೆಕ್ಕೆಯ ಬುಡ ಗಟ್ಟಿ, ತುದಿ ಮಾತ್ರ ತೆಳು ಪೊರೆ. ಕುತ್ತಿಗೆಯ ಹಿಂದೆ, ರೆಕ್ಕೆಗಳ ನಡುವೆ, ಸ್ಪಷ್ಟವಾದ ತ್ರಿಕೋನ ಇರುತ್ತದೆ.

ಎರಡನೆಯದು ಮೀಸೆ. ಜಿರಳೆಯ ಮೀಸೆ ದಾರದಷ್ಟು ತೆಳು, ಹೆಚ್ಚುಕಡಿಮೆ ಮೈಯಷ್ಟೇ ಉದ್ದ ಅಥವಾ ಅದಕ್ಕಿಂತ ಉದ್ದ. ಮನೆಗೆ ಬರುವ ದುಂಬಿಗಳಲ್ಲಿ ಬಹುಪಾಲಿಗೆ ಗಿಡ್ಡ ಮೀಸೆ, ಕೆಲವಕ್ಕೆ ತುದಿಯಲ್ಲಿ ಗಂಟು. ಕಾಂಡ ಕೊರೆಯುವ ಕೆಲವು ದುಂಬಿಗಳಿಗೆ ಮಾತ್ರ ಉದ್ದನೆಯ, ದಪ್ಪ ಗಿಣ್ಣುಗಳ ಮೀಸೆ ಇರುತ್ತದೆ, ಅಲ್ಲಿ ಬೆನ್ನಿನ ನೇರ ಗೆರೆಯನ್ನೇ ನಂಬಿ. ನೀರು ತಿಗಣೆಗೆ ಮೀಸೆ ಇದ್ದರೂ ಕಣ್ಣಿನ ಕೆಳಗೆ ಅಡಗಿರುವುದರಿಂದ ಮೇಲಿನಿಂದ ಕಾಣುವುದಿಲ್ಲ. ಸತ್ತ ಜಿರಳೆಯ ಮೀಸೆ ಮುರಿದು ಹೋಗಿರಬಹುದು. ಮೀಸೆ ಕಾಣದಿದ್ದರೆ ಅದನ್ನೇ ಸಾಕ್ಷಿ ಮಾಡಿಕೊಳ್ಳದೆ ಹಿಂದಿನ ತುದಿ ನೋಡಿ. ಜಿರಳೆಯ ಹೊಟ್ಟೆಯ ತುದಿಯಲ್ಲಿ ಎಡಬಲಕ್ಕೆ ಒಂದೊಂದು ಗಿಣ್ಣುಗಿಣ್ಣಾದ ಸಣ್ಣ ಮೊನೆ ಇರುತ್ತದೆ, ಮರಿಗಳಲ್ಲೂ ಇರುತ್ತದೆ. ದೊಡ್ಡ ದುಂಬಿಗಳಲ್ಲಿ ಇದು ಇಲ್ಲ.

ಮೂರನೆಯದು ತಲೆ. ಜಿರಳೆಯ ತಲೆ ಕೆಳಕ್ಕೆ ಬಾಗಿ, ಕುತ್ತಿಗೆಯ ಮೇಲಿನ ಅಗಲ ಫಲಕದ ಅಡಿಯಲ್ಲಿ ಹೆಚ್ಚುಕಡಿಮೆ ಮುಚ್ಚಿಹೋಗಿರುತ್ತದೆ. ನೆಲದ ಮೇಲೆ ಓಡಾಡುವ ಬೇಟೆ ದುಂಬಿಗಳ ತಲೆ ಮುಂದಕ್ಕೆ ಚಾಚಿರುತ್ತದೆ, ದವಡೆಗಳು ಮೇಲಿನಿಂದಲೇ ಕಾಣುತ್ತವೆ.

ಮಳೆ ಶುರುವಾದಾಗ ದೀಪಕ್ಕೆ ಬಂದು ಬೀಳುವ ಕಂದು ಹುಳುಗಳಲ್ಲಿ ಬಹಳಷ್ಟು ಗೊಣ್ಣೆಹುಳುವಿನ ದುಂಬಿಗಳು. ದಪ್ಪ ಮೈ, ನೇರ ಗೆರೆ, ಬಿದ್ದರೆ ಬೆನ್ನಿನ ಮೇಲೆ ಒದ್ದಾಡುತ್ತವೆ. ಜಿರಳೆಯ ಮೈ ಚಪ್ಪಟೆ, ಬಿದ್ದ ಕ್ಷಣವೇ ಸಂದಿ ಹುಡುಕಿ ಓಡುತ್ತದೆ. ರಬ್ಬರ್ ತೋಟಗಳ ಹತ್ತಿರವಿರುವ ಮನೆಗಳಿಗೆ ಬೇಸಿಗೆಯ ಕೊನೆಯಲ್ಲಿ ಸುಮಾರು 8 ಮಿ.ಮೀ. ಉದ್ದದ ಕಪ್ಪು ದುಂಬಿಗಳು ಗುಂಪುಗುಂಪಾಗಿ ನುಗ್ಗುತ್ತವೆ. ಕೇರಳದಲ್ಲಿ ಇದನ್ನು ಮುಪ್ಲಿ ದುಂಬಿ ಎನ್ನುತ್ತಾರೆ. ಮಾಡಿನ ಸಂದಿಯಲ್ಲಿ ರಾಶಿಯಾಗಿ ಕೂರುವುದರಿಂದ ಜಿರಳೆಮರಿ ಎಂದುಕೊಳ್ಳುವವರಿದ್ದಾರೆ. ಅದರ ಮೈ ಗಟ್ಟಿ, ನಡಿಗೆ ನಿಧಾನ, ಬೆನ್ನಿನಲ್ಲಿ ನೇರ ಗೆರೆ. ಜಿರಳೆಯ ಜೆಲ್ ಇದಕ್ಕೆ ಮದ್ದಲ್ಲ.

ರವೆ, ಮೈದಾ ಡಬ್ಬಿಯಲ್ಲಿ ಸಿಗುವ 3-4 ಮಿ.ಮೀ. ಉದ್ದದ ಕೆಂಗಂದು ಹುಳು ಹಿಟ್ಟಿನ ದುಂಬಿ. ಜಿರಳೆಯ ಎಳೆಮರಿಯೂ ಅಷ್ಟೇ ಗಾತ್ರದ್ದು. ಇಲ್ಲಿ ರೆಕ್ಕೆ ನೋಡಿದರೆ ಸಾಕು. ಇಷ್ಟು ಚಿಕ್ಕ ಹುಳುವಿಗೆ ಮೈ ಪೂರ್ತಿ ಮುಚ್ಚುವ ಗಟ್ಟಿ ಕವಚ ಇದ್ದರೆ ಅದು ಬೆಳೆದು ನಿಂತ ದುಂಬಿ. ಜಿರಳೆಯ ಮರಿಗೆ ರೆಕ್ಕೆ ಇರುವುದೇ ಇಲ್ಲ. ದುಂಬಿಯ ಮರಿ ದುಂಬಿಯಂತೆ ಇರುವುದೂ ಇಲ್ಲ. ಅದು ಹುಳದ ರೂಪದಲ್ಲಿರುತ್ತದೆ.

ಕೆರೆ, ಗದ್ದೆ ಹತ್ತಿರವಿರುವ ಊರುಗಳಲ್ಲಿ ಬೆಳಕಿಗೆ ಬರುವ ದೈತ್ಯ ನೀರು ತಿಗಣೆ 6ರಿಂದ 8 ಸೆಂ.ಮೀ. ಉದ್ದವಿರುತ್ತದೆ. ನಮ್ಮ ಮನೆಗಳ ಯಾವ ಜಿರಳೆಯೂ ಇಷ್ಟು ಬೆಳೆಯುವುದಿಲ್ಲ. ಮುಂಗಾಲುಗಳು ಬೇಟೆ ಹಿಡಿಯಲು ಮಡಚಿಕೊಂಡಿರುತ್ತವೆ, ಹಿಂಗಾಲು ಈಜಲು ಚಪ್ಪಟೆಯಾಗಿ ಅಂಚಿನಲ್ಲಿ ಕೂದಲಿರುತ್ತದೆ, ಹೊಟ್ಟೆಯ ಕಡೆಯ ಫೋಟೊದಲ್ಲಿ ತಲೆಯ ಕೆಳಗೆ ಚೂಪಾದ ಕೊಕ್ಕು ಕಾಣುತ್ತದೆ. ಬರಿಗೈಯಲ್ಲಿ ಹಿಡಿಯಬೇಡಿ, ಆ ಕೊಕ್ಕಿನಿಂದ ಚುಚ್ಚಿದರೆ ತುಂಬ ನೋವು. ಮೊರದಲ್ಲಿ ತೆಗೆದು ಹೊರಗೆ ಬಿಟ್ಟರೆ ಮುಗಿಯಿತು, ಅದು ಮನೆಯಲ್ಲಿ ಸಂಸಾರ ಹೂಡುವುದಿಲ್ಲ. ಇದೇ ಗುಂಪಿನ 15 ಮಿ.ಮೀ. ಆಸುಪಾಸಿನ ಚಿಕ್ಕ ನೀರು ತಿಗಣೆಯಲ್ಲಿ ಹೆಣ್ಣು ತನ್ನ ಮೊಟ್ಟೆಗಳನ್ನು ಗಂಡಿನ ಬೆನ್ನಿಗೆ ಅಂಟಿಸುತ್ತದೆ. ಬೆನ್ನ ತುಂಬ ಮೊಟ್ಟೆ ಸಾಲಾಗಿ ನಿಂತಿರುವ ಫೋಟೊ ಬಂದರೆ ಗಾಬರಿ ಬೇಡ, ಜಿರಳೆ ಎಂದೂ ಹಾಗೆ ಹೊರುವುದಿಲ್ಲ. ಅಂತರ್ಜಾಲದಲ್ಲಿ ಫೋಟೊ ಹೋಲಿಸುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು: ಅಮೆರಿಕದಲ್ಲಿ ಚರಂಡಿಯ ದೊಡ್ಡ ಜಿರಳೆಯನ್ನೂ ಜನ ವಾಟರ್‌ಬಗ್ ಎನ್ನುತ್ತಾರೆ, ಆ ಹೆಸರಿನಡಿ ಎರಡರ ಚಿತ್ರಗಳೂ ಬೆರೆತು ಬರುತ್ತವೆ.

ಬಯಲುಸೀಮೆಯ ಕುರುಚಲು ಕಾಡಿನಂಚಿನಲ್ಲಿ ಕಾಣುವ ಒಂದು ಜೋಡಿ ಪಳಗಿದ ಕಣ್ಣನ್ನೂ ತಪ್ಪಿಸುತ್ತದೆ. ಕಪ್ಪು ಮೈ ಮೇಲೆ ಬಿಳಿ ಚುಕ್ಕೆಗಳಿರುವ ದುಂಡನೆಯ ಜಿರಳೆಯೊಂದು ದಕ್ಷಿಣ ಭಾರತದಲ್ಲಿದೆ. ಆರು ಬಿಳಿ ಚುಕ್ಕೆಯ ಬೇಟೆ ದುಂಬಿ ಅದರಂತೆಯೇ ಕಾಣುತ್ತದೆ. ದುಂಬಿಯ ಚುಕ್ಕೆಗಳು ನಡುಗೆರೆಯ ಎರಡೂ ಕಡೆ ಸಮವಾಗಿ ಕೂತಿರುತ್ತವೆ. ಜಿರಳೆಯಲ್ಲಿ ಒಂದು ರೆಕ್ಕೆ ಇನ್ನೊಂದರ ಮೇಲೆ ಹೊದ್ದಿರುವುದರಿಂದ ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಮೂರು ಕಾಣುತ್ತವೆ. ಅದು ಮನೆಯ ಜಿರಳೆಯಲ್ಲ, ತರಗೆಲೆಯ ನಡುವೆ ಬದುಕುವಂಥದು. ದುಂಬಿಯಾದರೆ ಮುಖ ಹತ್ತಿರ ಒಯ್ಯಬೇಡಿ, ಅದು ಉರಿಯುವ ಆಮ್ಲ ಚಿಮ್ಮಿಸುತ್ತದೆ.

ರೆಕ್ಕೆ ಪೂರ್ತಿ ಬೆಳೆದಿದೆಯೇ?

ಜಾತಿ ಗುರುತಿಸುವ ಮೊದಲು ಈ ಪ್ರಶ್ನೆಗೆ ಉತ್ತರ ಬೇಕು. ರೆಕ್ಕೆ ಬಂದ ಜಿರಳೆ ಮುಂದೆ ಬೆಳೆಯುವುದಿಲ್ಲ. ಆದ್ದರಿಂದ ರೆಕ್ಕೆಯಿರುವ 13 ಮಿ.ಮೀ. ಹುಳು ಸಣ್ಣ ಜಾತಿಯದ್ದೇ. ರೆಕ್ಕೆಯಿಲ್ಲದ 13 ಮಿ.ಮೀ. ಹುಳು ಮಾತ್ರ ಹೆಚ್ಚಾಗಿ ಬಚ್ಚಲಿನ ದೊಡ್ಡ ಜಿರಳೆಯ ಮರಿ. ಇದನ್ನು ಮರೆತು ದೊಡ್ಡ ಜಾತಿಯ ಮರಿಯನ್ನು ಅಡುಗೆಮನೆಯ ಸಣ್ಣ ಜಾತಿ ಎಂದುಕೊಳ್ಳುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು.

ಒಂದು ಅಪವಾದವಿದೆ. ನಮ್ಮ ಕಡೆ ಹಳೆಯ ಅಡುಗೆಮನೆಗಳಲ್ಲಿ ಕಪ್ಪುಗಂದು ಮೈ ಮೇಲೆ ಹಳದಿ ಚಿತ್ತಾರವಿರುವ ಜಿರಳೆಯೊಂದು ಸಿಗುತ್ತದೆ. ಅದು ಬೆಳೆದ ಮೇಲೂ ರೆಕ್ಕೆಯ ಸಣ್ಣ ತುಣುಕುಗಳಷ್ಟೇ ಇರುತ್ತವೆ. ಚಿತ್ತಾರ ಅಷ್ಟು ಸ್ಪಷ್ಟವಾಗಿರುವುದರಿಂದ ಅದನ್ನು ಬೇರೆ ಯಾವುದರ ಜೊತೆಗೂ ಬೆರೆಸಲು ಸಾಧ್ಯವಿಲ್ಲ.

ಪೂರ್ತಿ ಬೆಳ್ಳಗಿರುವ ಜಿರಳೆ ಹೊಸ ಜಾತಿಯಲ್ಲ. ಈಗಷ್ಟೇ ಪೊರೆ ಕಳಚಿದ್ದು, ಕೆಲವು ಗಂಟೆಗಳಲ್ಲಿ ಬಣ್ಣ ಬರುತ್ತದೆ. ಅದರ ಫೋಟೊದಿಂದ ಜಾತಿ ಹೇಳಲು ಹೋಗಬೇಡಿ.

ಸಣ್ಣ ಕಂದು ಜಿರಳೆ: ಜರ್ಮನ್ ಜಾತಿಯೋ, ಪಟ್ಟೆಯ ಜಾತಿಯೋ

ನಗರದ ಮನೆಗಳಲ್ಲಿ ನಿಜವಾದ ತೊಡಕು ಇಲ್ಲೇ. ಎರಡೂ 10ರಿಂದ 15 ಮಿ.ಮೀ., ಎರಡೂ ಕಂದು. ಜರ್ಮನ್ ಜಿರಳೆಯ ಕುತ್ತಿಗೆ ಫಲಕದ ಮೇಲೆ ಉದ್ದಕ್ಕೆ ಎರಡು ಕಪ್ಪು ಗೆರೆಗಳು ಸಮಾನಾಂತರವಾಗಿ ಇರುತ್ತವೆ. ಪಟ್ಟೆಯ ಜಿರಳೆಯಲ್ಲಿ ಈ ಎರಡು ಗೆರೆ ಇಲ್ಲ. ಫಲಕದ ನಡುಭಾಗ ಒಂದೇ ಕಪ್ಪುಗಂದು ಕಲೆ, ಎಡಬಲದ ಅಂಚುಗಳು ಮಾತ್ರ ತಿಳಿ. ಅದರ ಹೆಸರಿಗೆ ಕಾರಣವಾದ ತಿಳಿ ಪಟ್ಟೆಗಳು ಮೈಗೆ ಅಡ್ಡಲಾಗಿ ಹೋಗುತ್ತವೆ, ಒಂದು ರೆಕ್ಕೆಯ ಬುಡದಲ್ಲಿ, ಇನ್ನೊಂದು ಸ್ವಲ್ಪ ಹಿಂದೆ. ಉದ್ದ ಗೆರೆ ಎಂದರೆ ಜರ್ಮನ್, ಅಡ್ಡ ಪಟ್ಟೆ ಎಂದರೆ ಇನ್ನೊಂದು.

ತಪ್ಪುವುದು ಪಟ್ಟೆಯ ಜಾತಿಯ ಗಂಡಿನಲ್ಲಿ. ಹೆಣ್ಣು ಅಗಲ ಮೈಯದು, ಗಾಢ ಬಣ್ಣದ್ದು, ರೆಕ್ಕೆ ಗಿಡ್ಡವಾಗಿ ಹೊಟ್ಟೆಯ ತುದಿ ಹೊರಗೇ ಉಳಿಯುತ್ತದೆ, ಪಟ್ಟೆಗಳೂ ಚೆನ್ನಾಗಿ ಕಾಣುತ್ತವೆ. ಗಂಡು ಸಪೂರ, ತಿಳಿ ಬಣ್ಣ, ರೆಕ್ಕೆ ಹೊಟ್ಟೆಯ ತುದಿ ದಾಟಿರುತ್ತದೆ, ಪಟ್ಟೆ ಮಸುಕು. ಫ್ಲ್ಯಾಶ್ ಹಾಕಿದರೆ ಆ ಮಸುಕು ಪಟ್ಟೆಯೂ ಅಳಿಸಿಹೋಗಿ ಜರ್ಮನ್‌ನಂತೆ ಕಾಣುತ್ತದೆ. ಆಗ ಕುತ್ತಿಗೆ ಫಲಕವನ್ನು ಮಾತ್ರ ದೊಡ್ಡದು ಮಾಡಿ ನೋಡಿ. ಎರಡು ಪ್ರತ್ಯೇಕ ಗೆರೆ ಎಣಿಸಲು ಆಗದಿದ್ದರೆ ಜರ್ಮನ್ ಎಂದು ಬರೆಯಬೇಡಿ.

ಮರಿಗಳಲ್ಲೂ ಇದೇ ಲೆಕ್ಕ. ಜರ್ಮನ್ ಮರಿ ಕಪ್ಪಾಗಿದ್ದು ಬೆನ್ನಿನ ನಡುವೆ ಉದ್ದಕ್ಕೆ ತಿಳಿ ಭಾಗ ಇರುತ್ತದೆ. ಪಟ್ಟೆಯ ಜಾತಿಯ ಮರಿಗೆ ಸೊಂಟದ ಬಳಿ ತಿಳಿ ಪಟ್ಟೆ ಅಡ್ಡಲಾಗಿ ಕಟ್ಟಿದಂತೆ ಇರುತ್ತದೆ, ದೊಡ್ಡವುಗಳಿಗಿಂತ ಮರಿಗಳಲ್ಲೇ ಇದು ಚೆನ್ನಾಗಿ ಕಾಣುವುದುಂಟು.

ಮೊಟ್ಟೆಚೀಲ ಸಿಕ್ಕರೆ ಅದರ ಫೋಟೊ ಬಿಡಬೇಡಿ. ಜರ್ಮನ್ ಹೆಣ್ಣು 30ರಿಂದ 40 ಮೊಟ್ಟೆಗಳ ತಿಳಿಗಂದು ಚೀಲವನ್ನು ಮರಿಯಾಗುವ ಹೊತ್ತಿನವರೆಗೂ ಬಾಲದ ತುದಿಯಲ್ಲೇ ಕಚ್ಚಿಕೊಂಡು ತಿರುಗುತ್ತದೆ. ಪಟ್ಟೆಯ ಜಿರಳೆ ಸುಮಾರು 5 ಮಿ.ಮೀ. ಉದ್ದದ ಚಿಕ್ಕ ಚೀಲಗಳನ್ನು ಬೀರುವಿನ ಹಿಂಬದಿ, ಡ್ರಾಯರಿನ ಅಡಿ, ಫೋಟೊ ಚೌಕಟ್ಟಿನ ಹಿಂದೆ ಗಟ್ಟಿಯಾಗಿ ಅಂಟಿಸಿ ಹೋಗುತ್ತದೆ. ಒಣಗಿದ ಮರದ ಮೇಲೆ ಹೀಗೆ ಅಂಟಿದ ಚೀಲ ಕಂಡರೆ ಅದು ಜರ್ಮನ್ ಅಲ್ಲ.

ಒಂದು ಮಿತಿಯನ್ನು ಹೇಳಲೇಬೇಕು. ಜರ್ಮನ್ ಜಿರಳೆ ಹಾರುವುದಿಲ್ಲ. ಕುತ್ತಿಗೆಯ ಮೇಲೆ ಎರಡು ಗೆರೆ ಇದ್ದೂ ಸಂಜೆ ತೋಟದ ಕಡೆಯಿಂದ ದೀಪಕ್ಕೆ ಹಾರಿಬಂದರೆ ಅದು ಅದೇ ಕುಲದ ಹೊರಾಂಗಣ ಜಾತಿ ಇರಬಹುದು. ಮೊಬೈಲ್ ಫೋಟೊ ಇವೆರಡನ್ನು ಬೇರ್ಪಡಿಸುವುದಿಲ್ಲ, ಅದಕ್ಕೆ ಸೂಕ್ಷ್ಮದರ್ಶಕವೇ ಬೇಕು. ಮನೆಯ ಮಟ್ಟಿಗೆ ಹಾರುವ ನಡವಳಿಕೆಯೇ ಸಾಕಷ್ಟು ಸುಳಿವು. ಕಿಟಕಿಗೆ ಜಾಲರಿ ಹಾಕಿ, ಜೆಲ್ ಬೇಡ.

ದೊಡ್ಡ ಕೆಂಗಂದು ಜಿರಳೆ

ಇಲ್ಲಿ ಅಷ್ಟು ತೊಡಕಿಲ್ಲ. ಬಚ್ಚಲ ಜಾಲಿ, ಚೇಂಬರಿನಿಂದ ಬರುವ 35-40 ಮಿ.ಮೀ. ಜಿರಳೆ ಅಮೆರಿಕನ್ ಜಾತಿ. ಕುತ್ತಿಗೆ ಫಲಕದ ಸುತ್ತ ಮಂಕು ಹಳದಿ ಅಂಚು ಇರುತ್ತದೆ, ನಡುವಿನ ಕಪ್ಪುಗಂದು ಕಲೆ ಅದರೊಳಗೆ ಮೆಲ್ಲಗೆ ಕರಗಿರುತ್ತದೆ. ಅದೇ ಅಂಚು ಢಾಳಾದ ಹಳದಿಯಾಗಿ ನಡುವಿನ ಕಪ್ಪಿನಿಂದ ಖಚಿತವಾಗಿ ಬೇರೆಯಾಗಿದ್ದು, ರೆಕ್ಕೆಯ ಬುಡದಿಂದ ಹೊರ ಅಂಚಿನುದ್ದಕ್ಕೆ ಒಂದು ಹಳದಿ ಗೆರೆ ಇದ್ದರೆ ಆಸ್ಟ್ರೇಲಿಯನ್ ಜಾತಿ. ಇದು ಸ್ವಲ್ಪ ಚಿಕ್ಕದು, ಗಿಡಮರ ಹೆಚ್ಚಿರುವ ಕಡೆ ಸಿಗುತ್ತದೆ. ಆ ಹಳದಿ ಗೆರೆ ಭುಜದ ಬದಿಯಲ್ಲಿರುವುದರಿಂದ ಪಕ್ಕದ ಫೋಟೊ ಇಲ್ಲದೆ ತೀರ್ಮಾನಿಸಬೇಡಿ.

ಹೂಕುಂಡದ ಮಣ್ಣು ಕೆದಕಿದಾಗ ಮಾತ್ರ ಕಾಣುವ, 2 ಸೆಂ.ಮೀ. ಆಸುಪಾಸಿನ, ಕಪ್ಪು ಕುತ್ತಿಗೆಯ ಹೊಳೆಯುವ ಜಿರಳೆ ಸುರಿನಾಮ್ ಜಾತಿ. ಮಣ್ಣಿನಲ್ಲಿ ಕೊರೆದು ಬದುಕುತ್ತದೆ, ಅಡುಗೆಮನೆಗೆ ಔಷಧಿ ಹೊಡೆದು ಪ್ರಯೋಜನವಿಲ್ಲ. ಕುಂಡಕ್ಕೆ ನೀರು ಕಡಿಮೆ ಮಾಡಿ, ಮಣ್ಣು ಬದಲಿಸಿ.

ಒಂದು ಪ್ರಕರಣ, ಮೊದಲಿಂದ ಕೊನೆವರೆಗೆ

ಬೆಂಗಳೂರಿನ ಮೂರನೇ ಮಹಡಿಯ ಫ್ಲ್ಯಾಟ್ ಒಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಸಿಂಕಿನ ಕೆಳಗೆ, ಗ್ಯಾಸ್ ಕಟ್ಟೆಯ ಸಂದಿಗೆ ಎರಡು ಸಲ ಜೆಲ್ ಹಾಕಿಸಲಾಗಿದೆ. ಆದರೂ ಮಲಗುವ ಕೋಣೆಯ ಟಿವಿಯ ಹಿಂದೆ, ಬೀರುವಿನ ಮೇಲೆ ಹುಳು ಓಡಾಡುತ್ತಿದೆ. ಕೈಯಲ್ಲಿರುವ ಮೊದಲ ಫೋಟೊ ಗೋಡೆಯ ಮೇಲಿನದು, ಫ್ಲ್ಯಾಶ್ ಹಾಕಿದ್ದು. ಸಪೂರ ಮೈ, ಉದ್ದ ರೆಕ್ಕೆ, ಕುತ್ತಿಗೆಯ ಮೇಲೆ ಬರೀ ಹೊಳಪು. ಇದನ್ನು ನೋಡಿಯೇ ಜರ್ಮನ್ ಎಂದು ತೀರ್ಮಾನವಾಗಿತ್ತು.

ಎರಡನೆಯ ಫೋಟೊ ನಾಣ್ಯದ ಜೊತೆ ತೆಗೆದದ್ದು. ಪರದೆಯ ಮೇಲೆ ಸ್ಕೇಲು ಇಟ್ಟರೆ ನಾಣ್ಯ 18 ಮಿ.ಮೀ., ಹುಳು 8 ಮಿ.ಮೀ. ಬರುತ್ತದೆ. ನಾಣ್ಯದ ನಿಜ ಅಳತೆ 27 ಆದ್ದರಿಂದ ಹುಳುವಿನ ನಿಜವಾದ ಉದ್ದ 8ನ್ನು 18ರಿಂದ ಭಾಗಿಸಿ 27ರಿಂದ ಗುಣಿಸಿದಷ್ಟು, ಅಂದರೆ 12 ಮಿ.ಮೀ. ಬೆನ್ನಿನಲ್ಲಿ ನೇರ ಗೆರೆಯಿಲ್ಲ, ಮೀಸೆ ಮೈಗಿಂತ ಉದ್ದ, ಬಾಲದಲ್ಲಿ ಎರಡು ಮೊನೆ ಇದೆ, ಹಾಗಾಗಿ ದುಂಬಿಯ ಮಾತಿಲ್ಲ. ರೆಕ್ಕೆ ಇದೆ, ಆದರೆ ಹೊಟ್ಟೆಯ ತುದಿ ಮುಟ್ಟಿಲ್ಲ. ರೆಕ್ಕೆ ನರಸಹಿತ ಪೂರ್ತಿ ರೂಪುಗೊಂಡಿರುವುದರಿಂದ ಇದು ಮರಿಯಲ್ಲ, ಗಿಡ್ಡ ರೆಕ್ಕೆಯ ಹೆಣ್ಣು. ಕುತ್ತಿಗೆಯಲ್ಲಿ ಎರಡು ಗೆರೆ ಇಲ್ಲ, ರೆಕ್ಕೆಯ ಬುಡದಲ್ಲಿ ತಿಳಿ ಪಟ್ಟೆ ಇದೆ. ಬೀರುವಿನ ಹಿಂಬದಿಯ ಮೂರನೆಯ ಫೋಟೊದಲ್ಲಿ 5 ಮಿ.ಮೀ. ಚೀಲಗಳು ಅಂಟಿವೆ. ಮೂರು ಸಾಕ್ಷಿಯೂ ಪಟ್ಟೆಯ ಜಿರಳೆಯನ್ನೇ ತೋರಿಸುತ್ತವೆ. ಮೊದಲ ಫೋಟೊದಲ್ಲಿದ್ದದ್ದು ಅದೇ ಜಾತಿಯ ಗಂಡು.

ಫೋಟೊದ ತೀರ್ಮಾನವನ್ನು ಅಂಟು ಬಲೆಯಿಂದ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಸಿಂಕಿನ ಕೆಳಗೆ, ಫ್ರಿಜ್ಜಿನ ಹಿಂದೆ, ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಟಿವಿಯ ಹಿಂದೆ, ಬೀರುವಿನ ಮೇಲೆ, ಬಚ್ಚಲ ಬಾಗಿಲ ಬಳಿ ಒಂದೊಂದು ಇಟ್ಟು ನಾಲ್ಕು ರಾತ್ರಿ ಬಿಡಿ. ಜರ್ಮನ್ ನೀರು, ಊಟ ಎರಡೂ ಸಿಗುವ ಜಾಗ ಬಿಟ್ಟು ದೂರ ಹೋಗುವುದಿಲ್ಲ, ಆದ್ದರಿಂದ ಮೊದಲ ಎರಡು ಬಲೆ ತುಂಬುತ್ತವೆ. ಪಟ್ಟೆಯ ಜಾತಿ ಬೆಚ್ಚಗಿನ, ಒಣ, ಎತ್ತರದ ಜಾಗ ಬಯಸುತ್ತದೆ. ಈ ಮನೆಯಲ್ಲಿ ಟಿವಿ ಮತ್ತು ಬೀರುವಿನ ಬಲೆಗಳು ತುಂಬಿ ಸಿಂಕಿನದು ಖಾಲಿ ಉಳಿದರೆ ಗುರುತು ಗಟ್ಟಿಯಾಯಿತು.

ಇನ್ನು ಜೆಲ್ಲನ್ನು ಎತ್ತರಕ್ಕೆ ಸಾಗಿಸಬೇಕು: ಬೀರುವಿನ ಮೇಲ್ಭಾಗದ ಹಿಂಜುಗಳ ಪಕ್ಕ, ಅಟ್ಟದ ಬಾಗಿಲ ಒಳ ಅಂಚು, ಟಿವಿ ಹಲಗೆಯ ಹಿಂಬದಿ. ಬಿಂದು 3-4 ಮಿ.ಮೀ. ಇದ್ದರೆ ಸಾಕು, ಒಂದೇ ಕಡೆ ಉಂಡೆಯಾಗಿ ಹಾಕುವುದಕ್ಕಿಂತ ಹಲವು ಕಡೆ ಸಣ್ಣದಾಗಿ ಹಾಕುವುದು ಮೇಲು. ಮಕ್ಕಳ ಕೈಗೆ ಸಿಗದ ಜಾಗ ಆರಿಸಿ. ಟಿವಿ, ಸ್ವಿಚ್‌ಬೋರ್ಡಿನ ಒಳಗೆ ಹಾಕಬೇಡಿ. ಹೊರಗಿನ ಮರದ ಮೇಲೆ ಹಾಕಿ, ಅದಕ್ಕೂ ಮೊದಲು ಕರೆಂಟ್ ಆರಿಸಿ. ಜೆಲ್ ಇಟ್ಟ ಜಾಗದಲ್ಲಿ ಸ್ಪ್ರೇ ಹೊಡೆದರೆ ಜಿರಳೆ ಆ ಕಡೆ ಸುಳಿಯದೆ ಜೆಲ್ ವ್ಯರ್ಥವಾಗುತ್ತದೆ.

ಅಂಟಿದ ಮೊಟ್ಟೆಚೀಲಗಳಿಗೆ ಜೆಲ್ ಏನೂ ಮಾಡುವುದಿಲ್ಲ. ಅವನ್ನು ಹಳೆಯ ಚಾಕುವಿನಿಂದ ಕೆರೆದು ಸಾಬೂನು ನೀರಿಗೆ ಹಾಕಿ. ಕಣ್ಣಿಗೆ ಬೀಳದೆ ಉಳಿದ ಚೀಲಗಳಿಂದ ಮರಿ ಹೊರಬರಲು ಒಂದೂವರೆಯಿಂದ ಎರಡೂವರೆ ತಿಂಗಳು ಹಿಡಿಯಬಹುದು. ಹೀಗಾಗಿ ಮೊದಲ ತಿಂಗಳು ಹುಳು ಕಾಣದಿದ್ದರೂ ಬಲೆಗಳನ್ನು ಎತ್ತಬೇಡಿ. ಎರಡನೆಯ ತಿಂಗಳ ಕೊನೆಗೆ ಸೊಂಟಪಟ್ಟೆಯ ಸಣ್ಣ ಮರಿಗಳು ಬಲೆಯಲ್ಲಿ ಕಂಡರೆ ಅದು ಜೆಲ್ಲಿನ ಸೋಲಲ್ಲ. ಒಣಗಿದ ಹಳೆಯ ಬಿಂದುಗಳನ್ನು ತೆಗೆದು ಅದೇ ಜಾಗಗಳಿಗೆ ಹೊಸ ಜೆಲ್ ಹಾಕಿ, ಮರಿ ಸಿಕ್ಕ ಬಲೆಯ ಒಂದು ಮೀಟರ್ ಸುತ್ತ ಬಿಟ್ಟುಹೋದ ಚೀಲಗಳನ್ನು ಟಾರ್ಚ್ ಹಿಡಿದು ಹುಡುಕಿ.